ಹಿಂಬಾಗಿಲಿನಿಂದ ಬರುವವರಿಗೆ ಹೇಳುವ ಥ್ಯಾಂಕ್ಸ್

ಆಷಾಢ ಬಂತೆಂದರೆ ಬಳ್ಳಾರಿಯ ಹೋಟೆಲುಗಳಲ್ಲಿ ಮದುವೆ ಹಾಲ್ ಖಾಲಿ. ಮುಹೂರ್ತವಿಲ್ಲ, ನಿಶ್ಚಿತಾರ್ಥವಿಲ್ಲ, ಮೂಲೆಯಲ್ಲಿ ಪೇರಿಸಿಟ್ಟ ಕುರ್ಚಿಗಳ ಮೇಲೆ ಧೂಳು ಕೂರುತ್ತದೆ. ಸಿಬ್ಬಂದಿಗೆಂದೇ ವರ್ಷಕ್ಕೊಮ್ಮೆ ಮಾಡುವ ವಾರ್ಷಿಕೋತ್ಸವಕ್ಕೆ ಇದೇ ಸರಿಯಾದ ಕಾಲ. ಹಂಪಿಯ ಪ್ರವಾಸಿಗರನ್ನು ನಂಬಿಕೊಂಡ ಆನೆಗುಂದಿ, ಗಂಗಾವತಿ, ಕೊಪ್ಪಳದ ಕಡೆಯ ಹೋಟೆಲುಗಳಿಗೂ ಚಳಿಗಾಲವೆಲ್ಲ ಉಸಿರಾಡಲು ಬಿಡುವಿರುವುದಿಲ್ಲ, ಅವರಿಗೂ ಮಳೆಗಾಲವೇ ಅನುಕೂಲ. ದಿನ ಗೊತ್ತುಮಾಡುವ ಮೊದಲು ಒಂದನ್ನು ಮಾತ್ರ ಮರೆಯದೆ ನೋಡಿಕೊಳ್ಳಬೇಕು. ಮೊಹರಂ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಅದು ಬರೀ ಮುಸ್ಲಿಮರ ಹಬ್ಬವಲ್ಲ, ಊರ ಹಬ್ಬ. ಅಲಾಯಿ ಕುಣಿತಕ್ಕೆಂದು ರಜೆ ಹಾಕಿ ಊರಿಗೆ ಹೋಗುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಆ ವಾರದಲ್ಲಿ ವಾರ್ಷಿಕೋತ್ಸವ ಇಟ್ಟರೆ ಅರ್ಧ ಹಾಲ್‌ಗೆ ಧನ್ಯವಾದ ಹೇಳಿದ ಹಾಗಾಗುತ್ತದೆ.

ಆ ದಿನ ಜನರಲ್ ಮ್ಯಾನೇಜರ್ ಮಾಡುವ ಭಾಷಣದ ಬಗ್ಗೆ ಈ ಬರಹ. ದೀಪ ಬೆಳಗಿ, ಮಾಲೀಕರಿಗೆ ಹಾರ ಹಾಕಿ, ನಿರೂಪಕರು "ಈಗ ನಮ್ಮ ನೆಚ್ಚಿನ ಜಿ.ಎಂ. ಸಾಹೇಬರು" ಎಂದು ಮೈಕು ಕೊಟ್ಟ ಮೇಲೆ ಬರುವ ಏಳೆಂಟು ನಿಮಿಷ. ಬಹಳಷ್ಟು ಕಡೆ ಈ ಮಾತು ಹೀಗೆ ಸಾಗುತ್ತದೆ: ನಾವೆಲ್ಲ ಒಂದೇ ಕುಟುಂಬ, ನೀವೇ ಈ ಹೋಟೆಲಿನ ಬೆನ್ನೆಲುಬು, ಹೌಸ್‌ಕೀಪಿಂಗ್‌ನವರಿಗೆ ಧನ್ಯವಾದ, ಕಿಚನ್‌ನವರಿಗೆ ಧನ್ಯವಾದ, ಫ್ರಂಟ್ ಆಫೀಸ್‌ನವರಿಗೆ ಧನ್ಯವಾದ, ಬರುವ ವರ್ಷ ಇನ್ನೂ ಚೆನ್ನಾಗಿ ದುಡಿಯೋಣ. ಹಿಂದಿನ ಸಾಲಿನಲ್ಲಿ ಕೂತವರು ಊಟದ ಕೌಂಟರಿನ ಕಡೆ ನೋಡುತ್ತಿರುತ್ತಾರೆ. ಅವರ ತಪ್ಪೇನೂ ಇಲ್ಲ. ಇದೇ ಮಾತನ್ನು ಪಕ್ಕದ ಹೋಟೆಲಿನಲ್ಲಿ ಹೇಳಿದ್ದರೂ ಒಂದು ಪದ ಬದಲಿಸಬೇಕಾಗುತ್ತಿರಲಿಲ್ಲ.

ಭಾಷಣ ಸಪ್ಪೆಯಾಗಲು ಮಾತಿನ ಕಲೆ ಇಲ್ಲದ್ದು ಕಾರಣವಲ್ಲ. ಸಾಮಗ್ರಿ ಎಲ್ಲಿಂದ ತಂದರು ಎಂಬುದು ಕಾರಣ. ಸಾಮಾನ್ಯವಾಗಿ ಒಂದು ವಾರ ಮುಂಚೆ ಎಚ್.ಆರ್. ವಿಭಾಗ ಪ್ರತಿ ವಿಭಾಗದ ಮುಖ್ಯಸ್ಥರಿಂದ "ಚೆನ್ನಾಗಿ ಕೆಲಸ ಮಾಡಿದವರ" ಎರಡೆರಡು ಹೆಸರು ತರಿಸಿಕೊಳ್ಳುತ್ತದೆ. ಇನ್ನೊಂದು ಕಡೆಯಿಂದ ಗ್ರಾಹಕರು ಆನ್‌ಲೈನ್‌ನಲ್ಲಿ ಬರೆದ ವಿಮರ್ಶೆಗಳಲ್ಲಿ ಯಾರ ಹೆಸರು ಬಂದಿದೆ ಎಂದು ಹುಡುಕುತ್ತಾರೆ. ಎರಡರಲ್ಲೂ ಒಂದು ಓರೆ ಇದೆ. ಮುಖ್ಯಸ್ಥರು ಕೊಡುವುದು ತಮಗೆ ಹತ್ತಿರವಿರುವವರ ಹೆಸರನ್ನು. ಗ್ರಾಹಕರು ಬರೆಯುವುದು ತಮ್ಮ ಕಣ್ಣಿಗೆ ಬಿದ್ದವರ ಹೆಸರನ್ನು. ರಿಸೆಪ್ಶನ್‌ನಲ್ಲಿ ನಗುತ್ತ ಕೀಲಿ ಕೊಟ್ಟವರು, ತಿಂಡಿ ಬಡಿಸಿದವರು, ಬ್ಯಾಗು ಹೊತ್ತವರು ವಿಮರ್ಶೆಯಲ್ಲಿ ಬರುತ್ತಾರೆ. ಪಾತ್ರೆ ತೊಳೆಯುವವರು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು, ಜನರೇಟರ್ ಕೋಣೆಯಲ್ಲಿರುವವರು, ಸ್ಟೋರಿನಲ್ಲಿ ತೂಕ ಹಿಡಿಯುವವರು ಯಾವ ಗ್ರಾಹಕನ ಬರಹದಲ್ಲೂ ಬರುವುದಿಲ್ಲ. ಇದನ್ನು ಪತ್ತೆ ಮಾಡುವುದು ಸುಲಭ. ಭಾಷಣದ ಕರಡಿನಲ್ಲಿರುವ ಹೆಸರುಗಳ ಪಕ್ಕದಲ್ಲಿ, ಅವರು ಕೆಲಸಕ್ಕೆ ಬರುವುದು ಮುಂಬಾಗಿಲಿನ ಕೆಲಸಕ್ಕೋ ಹಿಂಬಾಗಿಲಿನ ಕೆಲಸಕ್ಕೋ ಎಂದು ಗುರುತು ಹಾಕಿ. ಎಪ್ಪತ್ತು ಕೋಣೆಗಳ ಹೋಟೆಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗ್ರಾಹಕರ ಕಣ್ಣಿಗೆ ಬೀಳದೆಯೇ ದುಡಿಯುತ್ತಾರೆ. ಕರಡಿನಲ್ಲಿ ಆ ಅರ್ಧ ಕಾಣದಿದ್ದರೆ ಕರಡು ಇನ್ನೂ ಮುಗಿದಿಲ್ಲ.

ಸಾಮಗ್ರಿ ಸಿಗುವ ಜಾಗ ಬೇರೆ. ಅದು ರಿಜಿಸ್ಟರುಗಳಲ್ಲಿದೆ. ಡ್ಯೂಟಿ ಮ್ಯಾನೇಜರ್ ಪಾಳಿ ಮುಗಿಸುವಾಗ ಬರೆಯುವ ಲಾಗ್ ಪುಸ್ತಕ, ಮೇಂಟೆನೆನ್ಸ್‌ನವರ ರೀಡಿಂಗ್ ಪುಸ್ತಕ, ಕೋಣೆಗಳ ಹಂಚಿಕೆಯ ಹಾಳೆ, ಕಳೆದುಹೋದ ವಸ್ತುಗಳ ಪುಸ್ತಕ, ನೈಟ್ ಆಡಿಟ್‌ನ ಟಿಪ್ಪಣಿ. ಹನ್ನೆರಡು ತಿಂಗಳ ಪುಸ್ತಕಗಳನ್ನು ಮುಂದಿಟ್ಟುಕೊಂಡು ಎರಡು ಮಧ್ಯಾಹ್ನ ಕೂತರೆ ಸಾಕು. ಎಲ್ಲ ಪುಟ ಓದಬೇಕಿಲ್ಲ. ಹೋಟೆಲ್ ತುಂಬಿದ್ದ ದಿನಗಳು, ಮದುವೆಯಿದ್ದ ದಿನಗಳು, ಏನಾದರೂ ಕೆಟ್ಟುನಿಂತ ದಿನಗಳು ಇಷ್ಟನ್ನು ಗುರುತು ಹಾಕಿಕೊಂಡು, ಅದರ ಹಿಂದಿನ ಎರಡು ವಾರದ ಮತ್ತು ಮುಂದಿನ ದಿನದ ಪುಟಗಳನ್ನೂ ಓದಬೇಕು. ಹಿಂದಿನ ಪುಟಗಳು ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲು ದಿನನಿತ್ಯದ ಕೆಲಸದ ಮಾತು. ಹೌಸ್‌ಕೀಪಿಂಗ್‌ನವರಿಗೆ "ನೀವು ಹೋಟೆಲನ್ನು ಸ್ವಚ್ಛವಾಗಿಟ್ಟಿದ್ದೀರಿ" ಎಂದರೆ ಅದು ಸೈನಿಕನಿಗೆ ನೀವು ಬಂದೂಕು ಹಿಡಿದಿದ್ದೀರಿ ಅಂದ ಹಾಗೆ. ಅದರ ಬದಲು ಲೆಕ್ಕ ಹಾಕಿ. ಒಬ್ಬರಿಗೆ ಒಂದು ಪಾಳಿಗೆ ಹನ್ನೆರಡು ಕೋಣೆ ಹಂಚಿಕೆ ಎಂದಿಟ್ಟುಕೊಳ್ಳೋಣ. ವಾರದ ರಜೆ, ಹಬ್ಬದ ರಜೆ, ಸ್ವಂತ ರಜೆ ಕಳೆದು ವರ್ಷಕ್ಕೆ 280 ದಿನ ಬಂದರೆ 3,360 ಕೋಣೆಗಳಾಯಿತು. ಅದರಲ್ಲಿ ಅರ್ಧ ಚೆಕ್‌ಔಟ್ ಆದ ಕೋಣೆಗಳು ಎಂದರೆ 1,680 ಸಲ ಹಾಸಿಗೆಯ ಚಾದರ ಪೂರ್ತಿ ಬದಲಾಗುತ್ತದೆ. ಚಾದರದ ಮೂಲೆಯನ್ನು ಓರೆಯಾಗಿ ಮಡಿಸಿ ಒಳಗೆ ಸೇರಿಸಲು ಪ್ರತಿ ಸಲ ಭಾರದ ಸ್ಪ್ರಿಂಗ್ ಹಾಸಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿಯಬೇಕು. ಹಾಸಿಗೆಗೆ ನಾಲ್ಕು ಮೂಲೆ. ಅಂದರೆ ಒಬ್ಬ ಹೆಣ್ಣುಮಗಳು ಆ ವರ್ಷ 6,720 ಸಲ ಹಾಸಿಗೆಯ ಮೂಲೆ ಎತ್ತಿದ್ದಾಳೆ, ಅದೂ ಕೋಣೆಗೆ ಒಂದೇ ಹಾಸಿಗೆ ಎಂದು ಲೆಕ್ಕ ಹಿಡಿದರೆ. ಈ ಸಂಖ್ಯೆಯನ್ನು ವೇದಿಕೆಯ ಮೇಲೆ ಹೇಳಿದಾಗ ಸಭೆಯಲ್ಲಿ ಮೊದಲು ತಲೆಯೆತ್ತುವವರು ಆ ಕೆಲಸ ಮಾಡಿದವರೇ. ಅವರ ಸೊಂಟಕ್ಕೆ ಗೊತ್ತಿದ್ದ ವಿಷಯವನ್ನು ಇನ್ನೊಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಿರಬಹುದು. ಸಂಖ್ಯೆ ಒಂದೇ ಇರಲಿ. ವಿಭಾಗಕ್ಕೊಂದರಂತೆ ಐದಾರು ಹೇಳಿದರೆ ಭಾಷಣ ಬ್ಯಾಲೆನ್ಸ್ ಶೀಟ್ ಆಗುತ್ತದೆ, ಯಾವುದೂ ನೆನಪುಳಿಯುವುದಿಲ್ಲ.

ಸಂಖ್ಯೆ ಸಿಗದ ಕಡೆ ಕೆಲಸವನ್ನೇ ಹತ್ತಿರದಿಂದ ತೋರಿಸಬೇಕು. ನಮ್ಮ ಕಡೆಯ ಬೆಳಗಿನ ಬಫೆಯಲ್ಲಿ ಇಡ್ಲಿ-ವಡೆಯ ಪಕ್ಕ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಲ್ಲದಿದ್ದರೆ ಬಳ್ಳಾರಿಯ ಗ್ರಾಹಕ ತಟ್ಟೆ ಹಿಡಿದು ಸುತ್ತಮುತ್ತ ಹುಡುಕುತ್ತಾನೆ. ಮನೆಯಲ್ಲಿ ಮಾಡುವುದು ಸುಲಭ. ಬಫೆಯಲ್ಲಿ ಅದು ಬಲು ಹಟಮಾರಿ ತಿಂಡಿ. ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆಯಬೇಕು, ಒಂದಿಷ್ಟು ತಡವಾದರೂ ಮುದ್ದೆ. ಒಗ್ಗರಣೆಗೆ ಹಾಕಿ, ಪುಟಾಣಿ ಪುಡಿ ಉದುರಿಸಿ, ಕೆಳಗೆ ಬಿಸಿನೀರಿರುವ ಬಫೆ ಪಾತ್ರೆಯಲ್ಲಿ ಮುಚ್ಚಿಟ್ಟರೆ ಇಪ್ಪತ್ತು ನಿಮಿಷದಲ್ಲಿ ಮುಚ್ಚಳದ ಹನಿ ಮೇಲೆ ಬಿದ್ದು ಗಂಟುಗಂಟಾಗುತ್ತದೆ. ಮುಚ್ಚದೆ ಬಿಟ್ಟರೆ ಒಣಗುತ್ತದೆ. ಹಾಗಾಗಿ ಅದನ್ನು ಸ್ವಲ್ಪ ಸ್ವಲ್ಪವೇ ಮಾಡುತ್ತಿರಬೇಕು. ಏಳು ಗಂಟೆಯಿಂದ ಹತ್ತೂವರೆಯವರೆಗೆ ಬಫೆ ಎಂದರೆ ಬಾಣಲೆ ಹತ್ತು-ಹನ್ನೊಂದು ಸಲ ಒಲೆಯೇರುತ್ತದೆ. ಅಡುಗೆಮನೆಯವರಿಗೆ "ರುಚಿರುಚಿಯಾದ ತಿಂಡಿಗೆ ಧನ್ಯವಾದ" ಎನ್ನುವ ಬದಲು, "ಒಂದೇ ಸಲ ಹಂಡೆಗಟ್ಟಲೆ ಮಾಡಿಡದೆ, ದಿನಾ ಹತ್ತು ಸಲ ಬಾಣಲೆ ಏರಿಸಿದಿರಿ, ಅದಕ್ಕೇ ಹತ್ತೂಕಾಲಿಗೆ ಬಂದ ಗ್ರಾಹಕರಿಗೂ ಉದುರು ಒಗ್ಗರಣೆ ಸಿಕ್ಕಿತು" ಎಂದರೆ ಸಾಕು. ಅವರ ಕಷ್ಟ ಎಲ್ಲಿದೆ ಎಂಬುದು ಜಿ.ಎಂ.ಗೆ ಗೊತ್ತು ಎಂದು ಅವರಿಗೆ ಗೊತ್ತಾಗುತ್ತದೆ.

ಈಗ ಭಾಷಣದ ನಡುಮಧ್ಯಕ್ಕೆ ಬರೋಣ. ವರ್ಷದ ಒಂದು ಕೆಟ್ಟ ದಿನವನ್ನು ಆರಿಸಿಕೊಂಡು ಅದನ್ನು ಪೂರ್ತಿ ಹೇಳುವುದು ನನ್ನ ಪ್ರಕಾರ ಇಡೀ ಭಾಷಣದ ಮುಖ್ಯ ಕೆಲಸ. ಉದಾಹರಣೆಗೆ ಒಂದು ಪ್ರಸಂಗವನ್ನು ಕಟ್ಟಿಕೊಳ್ಳೋಣ, ಇದರ ಪ್ರತಿಯೊಂದು ವಿವರವೂ ಹೋಟೆಲಿನ ಪುಸ್ತಕಗಳಲ್ಲಿ ಸಿಗುವಂಥದ್ದು.

ಬಳ್ಳಾರಿಯ ಎಪ್ಪತ್ತು ಕೋಣೆಗಳ ಹೋಟೆಲು. ಮೇ ತಿಂಗಳು. ಅರವತ್ತು ಕೋಣೆ ತುಂಬಿವೆ, ಕೋಣೆಗೆ ಇಬ್ಬರಂತೆ 120 ಜನ. ಹೋಟೆಲಿನಲ್ಲಿ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಎಂಬುದು ಕಟ್ಟಡಗಳ ನೀರಿನ ಲೆಕ್ಕಕ್ಕೆ ಬಳಸುವ ಭಾರತೀಯ ಮಾನಕದ ಅಳತೆ. ಆ ಲೆಕ್ಕದಲ್ಲಿ ಕೋಣೆಗಳಿಗೇ 21,600 ಲೀಟರ್ ಬೇಕು. ಅಡುಗೆಮನೆ, ಲಾಂಡ್ರಿ ಬೇರೆ. ಬೆಳಗಿನ ಜಾವ ನಾಲ್ಕೂ ನಲವತ್ತಕ್ಕೆ ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಮೋಟಾರು ಸುಟ್ಟುಹೋಗುತ್ತದೆ. ಆಗ ನೆಲದ ತೊಟ್ಟಿಯಲ್ಲಿ ಒಂಬತ್ತು ಸಾವಿರ ಲೀಟರ್, ಮೇಲಿನ ಟ್ಯಾಂಕಿನಲ್ಲಿ ಎಂಟು ಸಾವಿರ ಲೀಟರ್. ಆರರಿಂದ ಒಂಬತ್ತರ ನಡುವೆ ಎಲ್ಲರೂ ಸ್ನಾನಕ್ಕಿಳಿಯುವ ಹೊತ್ತು.

ರಾತ್ರಿ ಪಾಳಿಯ ಟೆಕ್ನಿಷಿಯನ್ ಡ್ಯೂಟಿ ಮ್ಯಾನೇಜರನ್ನು ಎಬ್ಬಿಸುತ್ತಾರೆ. ಆರು ಸಾವಿರ ಲೀಟರಿನ ಟ್ಯಾಂಕರುಗಳು ಬೇಕು, ಕೋಣೆಗಳ ಲೆಕ್ಕಕ್ಕೇ ನಾಲ್ಕು. ಐದು ಗಂಟೆಗೆ ಫೋನು ಎತ್ತುವ ಟ್ಯಾಂಕರಿನವರು ಯಾರು ಎಂಬುದು ಡ್ಯೂಟಿ ಮ್ಯಾನೇಜರಿಗಿಂತ ಗೇಟಿನ ಸೆಕ್ಯೂರಿಟಿಯವರಿಗೆ ಚೆನ್ನಾಗಿ ಗೊತ್ತು, ನಂಬರು ಅವರ ಬಳಿ ಸಿಗುತ್ತದೆ. ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆರು ಗಂಟೆಗೆ ಬಂದವರು ಲಾಂಡ್ರಿ ಯಂತ್ರಗಳನ್ನು ಆ ದಿನ ಹಾಕಬೇಡಿ ಎನ್ನುತ್ತಾರೆ. ಅದನ್ನು ಧೈರ್ಯವಾಗಿ ಹೇಳಲು ಆದದ್ದು ಯಾಕೆಂದರೆ ಲಿನನ್ ಮೂರು ಜೊತೆ ಇತ್ತು: ಒಂದು ಹಾಸಿಗೆಯ ಮೇಲೆ, ಒಂದು ಒಗೆಯಲು, ಒಂದು ಬೀರುವಿನಲ್ಲಿ. ಲಿನನ್ ರೂಮಿನವರು ತಿಂಗಳು ತಿಂಗಳು ಎಣಿಸಿ, ಹರಿದದ್ದನ್ನು ತೆಗೆದು, ಕೊರತೆ ತುಂಬಿಸಿಕೊಂಡಿದ್ದರಿಂದಲೇ ಆ ಮೂರನೆಯ ಜೊತೆ ಬೀರುವಿನಲ್ಲಿತ್ತು. ಪಾತ್ರೆ ತೊಳೆಯುವಲ್ಲಿ ನಲ್ಲಿ ಬಿಟ್ಟುಕೊಂಡು ತೊಳೆಯುವುದನ್ನು ನಿಲ್ಲಿಸಿ ಮೂರು ತೊಟ್ಟಿ ಇಡುತ್ತಾರೆ, ಒಂದರಲ್ಲಿ ನೆನೆಸುವುದು, ಒಂದರಲ್ಲಿ ಉಜ್ಜುವುದು, ಒಂದರಲ್ಲಿ ಜಾಲಿಸುವುದು. ರಿಸೆಪ್ಶನ್‌ನವರು ಸುಳ್ಳು ಹೇಳದೆ, ಮೋಟಾರು ಕೆಟ್ಟಿದೆ, ಸ್ನಾನಕ್ಕೆ ನೀರಿದೆ, ಸ್ವಲ್ಪ ನೋಡಿಕೊಂಡು ಬಳಸಿ ಎಂದು ಕೋಣೆ ಕೋಣೆಗೆ ತಿಳಿಸುತ್ತಾರೆ. ಮೊದಲ ಟ್ಯಾಂಕರ್ ಏಳೂವರೆಗೆ ಬರುತ್ತದೆ. ಯಾವ ಕೋಣೆಯ ನಲ್ಲಿಯೂ ಒಣಗುವುದಿಲ್ಲ.

ಸಾಮಾನ್ಯ ಭಾಷಣದಲ್ಲಿ ಇದು "ನೀರಿನ ತೊಂದರೆ ಬಂದಾಗ ಎಲ್ಲರೂ ಕೈಜೋಡಿಸಿದಿರಿ" ಎಂಬ ಒಂದು ಸಾಲಾಗಿ ಮುಗಿಯುತ್ತದೆ. ಸ್ವಲ್ಪ ಚೆನ್ನಾಗಿ ತಯಾರಿ ಮಾಡಿಕೊಂಡವರು ಮೇಲೆ ಹೇಳಿದ ಸರಣಿಯನ್ನು ಹೇಳುತ್ತಾರೆ. ಆದರೆ ಮೋಟಾರು ಸುಡುವ ಮುಂಚಿನ ಪುಟಗಳನ್ನು ಓದಿದವರಿಗೆ ಮಾತ್ರ ಇನ್ನೊಂದು ವಿಷಯ ಸಿಗುತ್ತದೆ. ಆ ಮೋಟಾರು ಸಾಮಾನ್ಯವಾಗಿ ಹದಿನಾಲ್ಕು ಆಂಪಿಯರ್ ಎಳೆಯುತ್ತಿತ್ತು. ಎರಡು ವಾರದ ಹಿಂದೆ ರೀಡಿಂಗ್ ಪುಸ್ತಕದಲ್ಲಿ ಹದಿನೈದು. ನಾಲ್ಕು ದಿನ ಬಿಟ್ಟು ಹದಿನಾರು. ಆಮೇಲೆ ಹದಿನೇಳು, ಪಕ್ಕದಲ್ಲಿ ಪೆನ್ನಿನಿಂದ ಅಡಿಗೆರೆ ಎಳೆದು "ಆಂಪ್ಸ್ ಏರುತ್ತಿದೆ, ಮೋಟಾರ್ ಎತ್ತಿ ನೋಡಬೇಕು" ಎಂಬ ಟಿಪ್ಪಣಿ. ವೋಲ್ಟೇಜು ಸರಿಯಿದ್ದು, ಪಂಪು ಎತ್ತುವ ನೀರು ಹೆಚ್ಚಾಗದೆ ಆಂಪಿಯರ್ ಮಾತ್ರ ಏರುತ್ತ ಹೋದರೆ ಒಳಗೆ ಏನೋ ಬಿಗಿಯುತ್ತಿದೆ ಎಂದರ್ಥ, ಬೇರಿಂಗ್ ಸವೆದಿರಬಹುದು, ಮರಳು ಸೇರಿರಬಹುದು. ಬರೆದವರಿಗೆ ಅದು ತಿಳಿದಿತ್ತು. ಅವರು ಬೇಡಿಕೆ ಚೀಟಿಯನ್ನೂ ಕೊಟ್ಟಿದ್ದರು. ಚೀಟಿ ಜಿ.ಎಂ. ಮೇಜಿನ ಮೇಲೆ ಒಂಬತ್ತು ದಿನ ಇತ್ತು.

ಬೆಂಕಿ ಹತ್ತಿದ ಮೇಲೆ ಓಡಿಬಂದವರಿಗೆ ಚಪ್ಪಾಳೆ ಸಿಗುತ್ತದೆ. ಹೊಗೆ ಬರುತ್ತಿದೆ ಎಂದು ಮೊದಲೇ ಬರೆದಿಟ್ಟವರು ಮೂಲೆಯಲ್ಲಿ ಕೂತಿರುತ್ತಾರೆ, ಅವರು ಬರೆದದ್ದನ್ನು ಯಾರೂ ಓದಿರುವುದಿಲ್ಲ. ವಾರ್ಷಿಕೋತ್ಸವದ ಭಾಷಣದಲ್ಲಿ ಮೊದಲ ಧನ್ಯವಾದ ಸಲ್ಲಬೇಕಾದದ್ದು ಅವರಿಗೆ. ಅದರ ಜೊತೆಗೇ ತಪ್ಪೊಪ್ಪಿಗೆಯೂ ಬರಬೇಕು, ಇಲ್ಲದಿದ್ದರೆ ಸಭೆಯಲ್ಲಿ ವಿಷಯ ಗೊತ್ತಿರುವ ಹತ್ತು ಜನರ ಮುಖ ಗಂಟಿಕ್ಕುತ್ತದೆ. ಮಾತು ಹೀಗೆ ಬರಬಹುದು:

"ಮೇ ತಿಂಗಳಾಗ ಮೋಟರ್ ಸುಟ್ಟ ದಿನ ನಿಮಗೆಲ್ಲಾ ನೆನಪೈತಿ. ಅವತ್ತು ಓಡಾಡಿದವರ ಹೆಸರು ಆಮೇಲೆ ಹೇಳ್ತೀನಿ. ಮೊದಲು ಮೇಂಟೆನೆನ್ಸಿನ ನಮ್ಮ ಅಣ್ಣಾರಿಗೆ ಹೇಳಬೇಕು. ಅವರು ಮೂರು ಸಲ ಬರೆದಿದ್ರು, ಹದಿನೈದು, ಹದಿನಾರು, ಹದಿನೇಳು ಅಂತ. ಮೂರನೇ ಸಲ ಕೆಳಗ ಗೆರಿ ಹೊಡೆದು ಬರೆದಿದ್ರು. ಆ ಚೀಟಿ ನನ್ನ ಟೇಬಲ್ ಮ್ಯಾಲೆ ಒಂಬತ್ತು ದಿನ ಇತ್ತು. ನಾನು ಸಹಿ ಮಾಡಿದ್ರೆ ಅವತ್ತು ನೀವ್ಯಾರೂ ಓಡಾಡೋದು ಬೇಕಾಗಿರಲಿಲ್ಲ. ತಪ್ಪು ನಂದು. ಅಣ್ಣಾರ, ನೀವು ಬರೆದಿದ್ದು ಸರಿ ಇತ್ತು. ಈಗ ಸ್ಟ್ಯಾಂಡ್‌ಬೈ ಮೋಟರ್ ತಂದು ಇಟ್ಟೀವಿ, ನೀವೇ ನೋಡಿ ತಗೊಂಡೀರಿ."

ಇಲ್ಲಿ "ನಮ್ಮ ಅಣ್ಣಾರಿಗೆ" ಎಂಬಲ್ಲಿ ಅವರ ಹೆಸರೇ ಬರಬೇಕು. ಕೊನೆಯ ವಾಕ್ಯ ಬಹಳ ಮುಖ್ಯ. ತಪ್ಪೊಪ್ಪಿಗೆಯ ಹಿಂದೆ ಆಗಿರುವ ಕೆಲಸ ಇರಬೇಕು, ಆಗಲಿರುವ ಕೆಲಸ ಅಲ್ಲ. ಸ್ಟ್ಯಾಂಡ್‌ಬೈ ಇನ್ನೂ ಬಂದಿಲ್ಲದಿದ್ದರೆ ಈ ಪ್ರಸಂಗವನ್ನು ಬಿಟ್ಟು ಬೇರೆಯದನ್ನು ಆರಿಸಿಕೊಳ್ಳುವುದೇ ಒಳ್ಳೆಯದು. ಇನ್ನೊಂದು ಎಚ್ಚರಿಕೆ, ಒಪ್ಪಿಕೊಳ್ಳುವುದು ಸ್ವಂತ ತಪ್ಪನ್ನು ಮಾತ್ರ. ಚೀಟಿ ಪರ್ಚೇಸ್ ವಿಭಾಗದಲ್ಲಿ ತಡವಾಗಿದ್ದರೆ ಅದನ್ನು ಮೈಕಿನಲ್ಲಿ ಹೇಳಿದ ಕೂಡಲೇ ಧನ್ಯವಾದದ ಸಭೆ ವಿಚಾರಣೆಯ ಸಭೆಯಾಗುತ್ತದೆ. ಹೆಸರು ಹೇಳುವ ಮೊದಲು ಆ ಟೆಕ್ನಿಷಿಯನ್ನರನ್ನು ಕೇಳುವುದೂ ಅಷ್ಟೇ ಅಗತ್ಯ. ತನ್ನ ಮೇಲಿನ ಸೂಪರ್‌ವೈಸರ್ ಮುಂದೆ ತಾನು ದೊಡ್ಡವನಾಗಿ ಕಾಣುವುದು ಕೆಲವರಿಗೆ ಮಾರನೆಯ ದಿನದಿಂದ ಕಷ್ಟ ತರುತ್ತದೆ.

ಯಾವುದಕ್ಕೆ ಧನ್ಯವಾದ ಹೇಳಬಾರದು ಎಂಬುದು ಇನ್ನೂ ಸೂಕ್ಷ್ಮ. ಮೂರು ಕಡೆ ಎಡವುವುದು ಹೆಚ್ಚು.

"ಇವರು ಮದುವೆ ಸೀಸನ್ನಿನಲ್ಲಿ ಸತತ ಎರಡು ಪಾಳಿ, ಹದಿನಾರು ತಾಸು ನಿಂತು ದುಡಿದರು, ಒಂದು ಮಾತು ಆಡಲಿಲ್ಲ" ಎಂಬ ಹೊಗಳಿಕೆ ಬಹಳ ಸಲ ಕೇಳಿಬರುತ್ತದೆ. ಅದು ಹೊಗಳಿಕೆಯಂತೆ ಕೇಳಿಸಿದರೂ ಜನ ಸಾಕಷ್ಟು ಇರಲಿಲ್ಲ ಎಂಬುದರ ಸಾಕ್ಷಿ. ಒಬ್ಬರು ಹದಿನಾರು ತಾಸು ನಿಂತರೆಂದರೆ ರೋಸ್ಟರ್ ಹಾಕಿದವರ ಲೆಕ್ಕ ತಪ್ಪಿದೆ. ಓವರ್‌ಟೈಮ್‌ಗೆ ದುಪ್ಪಟ್ಟು ದರ ಕಾನೂನಿನದ್ದು. ಅದು ಕೈಸೇರಿದೆಯೇ ಎಂದು ಸಂಬಳದ ಚೀಟಿ ನೋಡಿ ಖಚಿತಪಡಿಸಿಕೊಳ್ಳದೆ ಆ ಮಾತು ಎತ್ತಲೇಬಾರದು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯಿದೆ. "ಒಂದು ಮಾತು ಆಡಲಿಲ್ಲ" ಎಂದು ಮೆಚ್ಚಿದ ಕೂಡಲೇ, ಮಾತಾಡಿದವರು, ಎಂಟು ತಾಸಿಗೆ ಮಗುವನ್ನು ಕರೆತರಲು ಮನೆಗೆ ಹೋದವರು ಕಡಿಮೆಯವರಾದರು. ಹೇಳಬೇಕೆಂದರೆ ಹೀಗೆ ಹೇಳಿ: ಆ ವಾರ ನಮ್ಮಲ್ಲಿ ನಾಲ್ಕು ಜನ ಕಡಿಮೆಯಿದ್ದರು, ಆ ಭಾರ ನಿಮ್ಮ ಮೇಲೆ ಬಿತ್ತು, ಈ ಸೀಸನ್ನಿಗೆ ಹೊಸಬರನ್ನು ತೆಗೆದುಕೊಂಡಾಗಿದೆ.

ಎರಡನೆಯದು ಪ್ರಾಮಾಣಿಕತೆ. ಚೆಕ್‌ಔಟ್ ಆದ ಕೋಣೆಯಲ್ಲಿ ಬಂಗಾರದ ಸರ ಸಿಕ್ಕಿತು, ರೂಮ್ ಬಾಯ್ ತಂದುಕೊಟ್ಟರು, ವೇದಿಕೆಗೆ ಕರೆದು ಶಾಲು ಹೊದಿಸಿ "ಬಡವರಾದರೂ ಪ್ರಾಮಾಣಿಕರು" ಎಂದು ಹೊಗಳುತ್ತಾರೆ. ಆ "ಆದರೂ" ಎಂಬ ಒಂದು ಪದ ಸಭೆಯಲ್ಲಿರುವ ಎಲ್ಲರನ್ನೂ ಕಳ್ಳರ ಸಾಲಿಗೆ ನಿಲ್ಲಿಸುತ್ತದೆ. ಕೋಣೆಗಳಲ್ಲಿ ಚಾರ್ಜರು, ಕನ್ನಡಕ, ಔಷಧಿ, ಮಗುವಿನ ಬೂಟು ಹೀಗೆ ವಾರಕ್ಕೆ ಹಲವು ಸಿಗುತ್ತವೆ, ಎಲ್ಲವೂ ಪುಸ್ತಕಕ್ಕೆ ಬರುತ್ತವೆ. ಮೆಚ್ಚಬೇಕಾದದ್ದು ಅವರ ಗುಣದ ಬಗ್ಗೆ ನಮಗಾದ ಆಶ್ಚರ್ಯವನ್ನಲ್ಲ, ಅವರು ಮಾಡಿದ ಕೆಲಸವನ್ನು. ವಸ್ತು ಸಿಕ್ಕ ಕೂಡಲೇ ಅಲ್ಲಿಂದಲೇ ಫೋನು ಮಾಡಿದ್ದು, ಕೋಣೆ ಸಂಖ್ಯೆ, ಸಿಕ್ಕ ಜಾಗ, ಹೊತ್ತು ಬರೆದದ್ದು, ಇನ್ನೊಬ್ಬರ ಎದುರಿಗೇ ಕವರಿಗೆ ಹಾಕಿ ಅಂಟಿಸಿದ್ದು. ಪುಸ್ತಕದಲ್ಲಿ "ದಿಂಬಿನ ಕವರಿನ ಒಳಗೆ, ಗೋಡೆ ಕಡೆ" ಎಂದು ಬರೆದಿದ್ದರೆ, ಆ ಗ್ರಾಹಕರು ಬೆಂಗಳೂರು ಮುಟ್ಟಿ ಫೋನು ಮಾಡಿದಾಗ ಎರಡೇ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅಷ್ಟು ನಿಖರವಾಗಿ ಬರೆದದ್ದಕ್ಕೆ ಥ್ಯಾಂಕ್ಸ್ ಹೇಳಿದರೆ ಯಾರಿಗೂ ಅವಮಾನವಿಲ್ಲ.

ಮೂರನೆಯದು ಬೋನಸ್. ಕಾನೂನಿನ ವ್ಯಾಪ್ತಿಗೆ ಬರುವ ಸಿಬ್ಬಂದಿಗೆ ಕನಿಷ್ಠ ಶೇ 8.33 ಬೋನಸ್ ಕೊಡಲೇಬೇಕು, ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ. ಅದನ್ನು "ಮಾಲೀಕರು ದೊಡ್ಡ ಮನಸ್ಸು ಮಾಡಿ ಕೊಡುತ್ತಿರುವ ಉಡುಗೊರೆ" ಎಂದು ಘೋಷಿಸಿದರೆ ಯೂನಿಯನ್ ಇಲ್ಲದ ಹೋಟೆಲಿನಲ್ಲೂ ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಗುತ್ತದೆ. ಹಕ್ಕನ್ನು ಉಡುಗೊರೆ ಎನ್ನಬಾರದು. ಅದಕ್ಕಿಂತ ಹೆಚ್ಚು ಕೊಡುತ್ತಿದ್ದರೆ, ಎಷ್ಟು ಹೆಚ್ಚು, ಯಾವ ತಿಂಗಳ ಸಂಬಳದ ಜೊತೆ ಎಂದು ಮಾತ್ರ ಹೇಳಿ, ಅದೂ ಮಾಲೀಕರ ಸಹಿ ಆಗಿದ್ದರೆ. ಚಪ್ಪಾಳೆಯ ಬಿಸಿಯಲ್ಲಿ ಬಾಯಿಗೆ ಬಂದ ಭರವಸೆ ಮುಂದಿನ ವಾರ್ಷಿಕೋತ್ಸವದವರೆಗೂ ಬೆನ್ನು ಬಿಡುವುದಿಲ್ಲ. ಮಾಲೀಕರಿಗೆ ವಂದನೆ ಒಂದು ವಾಕ್ಯದಲ್ಲಿ ಮೊದಲೇ ಮುಗಿಯಲಿ. ಎಂಟು ನಿಮಿಷದಲ್ಲಿ ಮೂರು ನಿಮಿಷ ಅವರಿಗೇ ಹೋದರೆ ಸಿಬ್ಬಂದಿ ದಿನ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ.

ಇನ್ನು ಹೆಸರುಗಳು. ಎಚ್.ಆರ್. ಕೊಡುವ ಪಟ್ಟಿ ಇಂಗ್ಲಿಷಿನಲ್ಲಿರುತ್ತದೆ, ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆ. ಅದನ್ನು ನೋಡಿಕೊಂಡು ಓದಿದರೆ ಹುಲಿಗೆಮ್ಮ "ಹುಲಿಗಮ್ಮ" ಆಗುತ್ತಾಳೆ, ಎಲ್ಲರೂ ಯಂಕಪ್ಪ ಎಂದು ಕರೆಯುವವರು "ವೆಂಕಪ್ಪ" ಆಗುತ್ತಾರೆ, ಮೌಲಾಲಿ ಅರ್ಧಕ್ಕೇ ತುಂಡಾಗುತ್ತದೆ, ಒಡಿಶಾ ಬಂಗಾಳದಿಂದ ಬಂದ ಅಡುಗೆಯವರ ಹೆಸರಂತೂ ಗುರುತೇ ಸಿಗದ ಹಾಗಾಗುತ್ತದೆ. ವರ್ಷಕ್ಕೊಮ್ಮೆ ಮೈಕಿನಲ್ಲಿ ಬರುವ ಹೆಸರು ತಪ್ಪಾಗಿ ಬಂದರೆ ಪಕ್ಕದವರು ತಿಂಗಳುಗಟ್ಟಲೆ ಅದೇ ಹೆಸರಿನಿಂದ ಕಾಡಿಸುತ್ತಾರೆ. ಪಟ್ಟಿಯನ್ನು ಕನ್ನಡದಲ್ಲಿ ಕೈಯಾರೆ ಬರೆದುಕೊಂಡು, ಸ್ಟಾಫ್ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಹೋಗಿ ಅವರವರ ಬಾಯಿಂದಲೇ ಒಂದು ಸಲ ಕೇಳಿ ತಿದ್ದಿಕೊಳ್ಳುವುದು ಒಂದು ಗಂಟೆಯ ಕೆಲಸ. ಹೆಸರು ಹೇಳುವವರ ಸಂಖ್ಯೆ ಆರೇಳು ಮೀರದಿರಲಿ. ಎಲ್ಲರ ಹೆಸರನ್ನೂ ಓದುತ್ತೇನೆ ಎಂದು ಹೊರಟರೆ ನೂರರಲ್ಲಿ ಒಂದು ಬಿಟ್ಟುಹೋಗುವುದು ಖಂಡಿತ, ಆ ಸಂಜೆಯಿಡೀ ನೆನಪುಳಿಯುವುದು ಬಿಟ್ಟುಹೋದ ಆ ಒಂದು ಹೆಸರೇ.

ಆ ಪಟ್ಟಿಯಲ್ಲಿ ಇನ್ನೊಂದು ಕೊರತೆ ಇದೆ. ಸೆಕ್ಯೂರಿಟಿ, ತೋಟ, ಕೆಲವು ಕಡೆ ಲಾಂಡ್ರಿ ಮತ್ತು ಪಾತ್ರೆ ತೊಳೆಯುವ ಕೆಲಸ ಗುತ್ತಿಗೆದಾರರ ಮೂಲಕ ನಡೆಯುತ್ತದೆ. ಅವರ ಸಂಬಳ ಬೇರೆ ಕಡೆಯಿಂದ ಬರುವುದರಿಂದ ಹೋಟೆಲಿನ ಸಿಬ್ಬಂದಿ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಆಹ್ವಾನ ಹೋಗುವುದಿಲ್ಲ, ಉಡುಗೊರೆಯ ಚೀಲ ಎಣಿಸುವಾಗ ಲೆಕ್ಕಕ್ಕೆ ಬರುವುದಿಲ್ಲ. ಮೋಟಾರು ಸುಟ್ಟ ಬೆಳಿಗ್ಗೆ ಟ್ಯಾಂಕರಿನವರ ನಂಬರು ಕೊಟ್ಟವರು ಗೇಟಿನವರು. ಅವರನ್ನು ಭಾಷಣದಲ್ಲಿ ಹೊಗಳಿ ಊಟದ ಕೂಪನ್ ಇಲ್ಲವೆಂದು ಹೊರಗೆ ನಿಲ್ಲಿಸುವುದು ಆಗಬಾರದು. ಮೊದಲು ಗೇಟಿನ ಹಾಜರಿ ಪುಸ್ತಕ ತರಿಸಿಕೊಂಡು ಅದರಲ್ಲಿರುವ ತಲೆಗಳನ್ನು ಎಣಿಸಿ, ಊಟಕ್ಕೆ ಹೇಳಬೇಕಾದದ್ದು ಆ ಸಂಖ್ಯೆ.

ಭಾಷೆಯ ವಿಷಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಬಳ್ಳಾರಿಯಲ್ಲಿ ಕನ್ನಡದ ಜೊತೆ ತೆಲುಗು, ರಾಯಚೂರಿನಲ್ಲಿ ತೆಲುಗು ಉರ್ದು ಎರಡೂ ಸಭೆಯಲ್ಲಿರುತ್ತವೆ, ಹೊರಗಿನಿಂದ ಬಂದವರಿಗೆ ಹಿಂದಿ. ಭಾಷಣ ಮನೆಮಾತಿನಂಥ ಕನ್ನಡದಲ್ಲಿರಲಿ. ಹಿಂದಿ ಮಾತ್ರ ಬಲ್ಲ ಅಡುಗೆಯವರ ಬಗ್ಗೆ ಹೇಳುವ ಎರಡು ವಾಕ್ಯವನ್ನು ಅವರ ಕಡೆ ತಿರುಗಿ ಹಿಂದಿಯಲ್ಲೇ ಹೇಳಿದರೆ ಆಯಿತು. ಇಡೀ ಭಾಷಣವನ್ನು ಮೂರು ಭಾಷೆಯಲ್ಲಿ ತಿರುಗಿಸಿ ಹೇಳಿದರೆ ಎಂಟು ನಿಮಿಷ ಇಪ್ಪತ್ತೈದಾಗುತ್ತದೆ, ಅಷ್ಟರಲ್ಲಿ ಹೊರಗೆ ಮಿರ್ಚಿ ತಣ್ಣಗಾಗಿರುತ್ತದೆ.

ಕೊನೆಯದಾಗಿ, ಆ ಸಂಜೆ ಹಾಲ್‌ನಲ್ಲಿ ಇಲ್ಲದವರು. ಹೋಟೆಲಿಗೆ ಬಾಗಿಲು ಹಾಕುವ ದಿನ ಇಲ್ಲ. ವಾರ್ಷಿಕೋತ್ಸವ ನಡೆಯುವಾಗಲೂ ಕೋಣೆಗಳಲ್ಲಿ ಜನ ಇರುತ್ತಾರೆ, ರಿಸೆಪ್ಶನ್‌ನಲ್ಲಿ ಇಬ್ಬರು, ಅಡುಗೆಮನೆಯಲ್ಲಿ ಮೂವರು, ಗೇಟಿನಲ್ಲಿ ಒಬ್ಬರು, ಮೇಂಟೆನೆನ್ಸ್‌ನಲ್ಲಿ ಒಬ್ಬರು ಕೆಲಸದ ಮೇಲಿರುತ್ತಾರೆ. ರಾತ್ರಿ ಪಾಳಿಯವರು ಸಂಜೆ ಆರಕ್ಕೆ ಮನೆಯಲ್ಲಿ ನಿದ್ದೆಯಲ್ಲಿರುತ್ತಾರೆ. ಪ್ರತಿ ವರ್ಷ ಅದೇ ಜನ ಡ್ಯೂಟಿಯ ಮೇಲೆ ಉಳಿಯದ ಹಾಗೆ ಹಿಂದಿನ ವರ್ಷದ ರೋಸ್ಟರ್ ತೆಗೆದು ನೋಡಿ ಬದಲಿಸಬೇಕು. ಆದರೂ ಹತ್ತು ಹನ್ನೆರಡು ಜನ ತಪ್ಪಿಯೇ ತಪ್ಪುತ್ತಾರೆ. ಅವರಿಗೆ ಭಾಷಣದ ವಿಡಿಯೊ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿ ಕೈತೊಳೆದುಕೊಳ್ಳುವುದು ಈಗಿನ ರೂಢಿ.

ಅದರ ಬದಲು ರಾತ್ರಿ ಹನ್ನೊಂದಕ್ಕೆ ಪಾಳಿ ಬದಲಾಗುವ ಹೊತ್ತಿಗೆ ಹಿಂಬಾಗಿಲ ಹತ್ತಿರ, ಪಂಚಿಂಗ್ ಯಂತ್ರ ಇರುವ ಜಾಗದಲ್ಲಿ ಜಿ.ಎಂ. ಇರಬೇಕು. ಮನೆಗೆ ಹೊರಟ ಮಧ್ಯಾಹ್ನದ ಪಾಳಿಯವರೂ, ಒಳಗೆ ಬರುತ್ತಿರುವ ರಾತ್ರಿಯವರೂ ಒಂದೇ ಕಡೆ ಸಿಗುವುದು ಆ ಹತ್ತು ನಿಮಿಷ ಮಾತ್ರ. ಮೈಕು ಬೇಡ, ಕಾಗದ ಬೇಡ. ಮೋಟಾರಿನ ಮಾತನ್ನು ಅಲ್ಲಿ ಇನ್ನೊಂದು ಸಲ ಪೂರ್ತಿ ಹೇಳಬೇಕು, ಯಾಕೆಂದರೆ ನಾಲ್ಕೂ ನಲವತ್ತಕ್ಕೆ ಎಚ್ಚರ ಇದ್ದವರು ಇದೇ ಪಾಳಿಯವರು. ಹೋಳಿಗೆ, ಮಿರ್ಚಿ, ಬಿರಿಯಾನಿ ಏನಿತ್ತೋ ಅದು ಅವರಿಗೆಂದು ಮೊದಲೇ ತೆಗೆದು ಬಿಸಿ ಪೆಟ್ಟಿಗೆಯಲ್ಲಿಟ್ಟಿರಬೇಕು, ಹಾಲ್‌ನಲ್ಲಿ ಉಳಿದದ್ದನ್ನು ತಂದುಕೊಡುವುದಲ್ಲ. ಮಿರ್ಚಿಯನ್ನು ಮಾತ್ರ ಆ ಹೊತ್ತಿಗೇ ಕರಿಸಬೇಕು, ಪೆಟ್ಟಿಗೆಯಲ್ಲಿಟ್ಟ ಮಿರ್ಚಿ ಮೆತ್ತಗಾಗುತ್ತದೆ.